ನಂಬರ್ ಬಂತು, ಪಾರ್ಸೆಲ್ ಎಲ್ಲಿ?

ಸಹೋದರಿಯರೇ, ಮನೆಯಲ್ಲಿ ಕುಳಿತೇ ಬಟ್ಟೆ ಮಾರುವವರು ನಿಮ್ಮಲ್ಲಿ ಹಲವರಿದ್ದೀರಿ. ಮಾಲು ನಿಮ್ಮ ಮನೆಗೆ ಬರುವುದಿಲ್ಲ. ಸೂರತ್‌ನ ಸಪ್ಲಾಯರ್ ಫೋಟೋ ಕಳಿಸುತ್ತಾನೆ, ಅದನ್ನು ನೀವು ವಾಟ್ಸಪ್‌ನಲ್ಲಿ ಪರಿಚಯದವರಿಗೆ ಕಳಿಸುತ್ತೀರಿ. ಆರ್ಡರ್ ಬಂದರೆ ನಿಮ್ಮ ಲಾಭ ಇಟ್ಟುಕೊಂಡು ಉಳಿದ ಹಣವನ್ನು ಸಪ್ಲಾಯರ್‌ಗೆ ಹಾಕುತ್ತೀರಿ. ಅವನು ನಿಮ್ಮ ಹೆಸರಿನಲ್ಲಿ ಪಾರ್ಸೆಲ್ಲನ್ನು ನೇರವಾಗಿ ಗಿರಾಕಿಯ ಮನೆಗೆ ಕಳಿಸುತ್ತಾನೆ. ಬಂಡವಾಳ ಬೇಡ, ಅಂಗಡಿ ಬಾಡಿಗೆ ಬೇಡ. ಇದೇ ಪದ್ಧತಿಯನ್ನು ಆ್ಯಪ್ ಮಾಡಿ ಬೆಳೆದದ್ದು 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೀಶೋ. ಅದರ ಆರಂಭದ ಮಾರಾಟಗಾರರಲ್ಲಿ ಬಹಳಷ್ಟು ಮಂದಿ ನಮ್ಮಂತಹ ಗೃಹಿಣಿಯರೇ. ಆ್ಯಪ್‌ನಲ್ಲಿ ಆರ್ಡರ್ ಎಲ್ಲಿಗೆ ಬಂತೆಂದು ಆ್ಯಪೇ ತೋರಿಸುತ್ತದೆ. ಆದರೆ ಖಾಸಗಿ ವಾಟ್ಸಪ್ ಗ್ರೂಪ್‌ನ ಸಪ್ಲಾಯರ್ ಜೊತೆ ವ್ಯವಹರಿಸುವಾಗ ಅವನ ಬಾಯಿಮಾತು ಮತ್ತು ಅವನು ಕಳಿಸುವ ಒಂದು ನಂಬರ್, ಇವೆರಡೇ ನಮ್ಮ ಕೈಯಲ್ಲಿರುವುದು.

ಆ ನಂಬರಿನ ಬಗ್ಗೆಯೇ ಈ ಸಲ ಬರೆಯಬೇಕೆನಿಸಿತು. ಅದಕ್ಕೆ ಕಾರಣ ದೊಡ್ಡಬಳ್ಳಾಪುರದ ನನ್ನ ಪರಿಚಯದ ಒಬ್ಬ ಸಹೋದರಿಗೆ ಕಳೆದ ಈದ್‌ನ ಮುಂಚಿನ ಎರಡು ವಾರಗಳಲ್ಲಿ ಆದ ಅನುಭವ. ಹೆಸರು ಬೇಡ ಎಂದಿದ್ದಾರೆ. ಅವರ ಗಿರಾಕಿಗಳು ಅವರನ್ನು ಆಪಾ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. (ಸೀರೆ ಮಗ್ಗಗಳ ಸದ್ದು ಕೇಳಿಸುವ ಊರಿನಲ್ಲಿ ಕುಳಿತು ಸೂರತ್ ಬಟ್ಟೆ ಮಾರುವುದೇಕೆ ಎಂದು ಕೇಳಿದ್ದಕ್ಕೆ, "ಮಕ್ಕಳ ಘಾಗ್ರಾ ಇಲ್ಲಿ ನೇಯುವುದಿಲ್ಲವಲ್ಲ" ಎಂದು ನಕ್ಕರು.)

ಈದ್ ಶನಿವಾರವಿತ್ತು. ಅದಕ್ಕೆ ಹನ್ನೆರಡು ದಿನ ಮೊದಲು, ಸೋಮವಾರ, ದೇವನಹಳ್ಳಿ ತಾಲೂಕಿನ ವಿಜಯಪುರದಿಂದ ಒಬ್ಬರು ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಒಂದೇ ಬಣ್ಣದ ಎರಡು ಘಾಗ್ರಾ ಆರ್ಡರ್ ಮಾಡಿದರು. ಒಟ್ಟು 1700 ರೂಪಾಯಿ, ಪೂರ್ತಿ ಮುಂಗಡ. ಸಪ್ಲಾಯರ್‌ನ ಲೆಕ್ಕ ಬಟ್ಟೆಗೆ 1280, ಕೊರಿಯರ್‌ಗೆ 120, ಒಟ್ಟು 1400. ಆಪಾಗೆ ಉಳಿಯುವುದು 300. ಮಧ್ಯಾಹ್ನವೇ 1400 ಹಾಕಿದರು. "ಆಜ್ ಹೀ ಡಿಸ್ಪ್ಯಾಚ್" ಎಂದು ಸಪ್ಲಾಯರ್‌ನಿಂದ ಉತ್ತರ ಬಂತು. ಮಂಗಳವಾರ ಸಂಜೆ ಅವನು ಒಂದು ಉದ್ದನೆಯ ನಂಬರನ್ನೂ, ಅಂಟಿಸಿದ ಲೇಬಲ್‌ನ ಅರ್ಧ ಫೋಟೋವನ್ನೂ ಕಳಿಸಿದ. ಆಪಾ ನಂಬರನ್ನು ಹಾಗೆಯೇ ವಿಜಯಪುರಕ್ಕೆ ದಾಟಿಸಿ, "ನಿಮ್ಮ ಪಾರ್ಸೆಲ್ ಹೊರಟಿತು" ಎಂದು ಬರೆದರು.

ಪಾರ್ಸೆಲ್ ಹೊರಟಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಖಾಸಗಿ ಕೊರಿಯರ್‌ಗಳಲ್ಲಿ ನಂಬರ್ ಹುಟ್ಟುವುದು ಪಾರ್ಸೆಲ್ ಅವರ ಕೈಗೆ ಸೇರಿದಾಗಲ್ಲ, ಸಪ್ಲಾಯರ್ ತನ್ನ ಕಂಪ್ಯೂಟರಿನಲ್ಲಿ ವಿಳಾಸ ತುಂಬಿ ಲೇಬಲ್ ಮುದ್ರಿಸಿದಾಗ. ಆಗ ಪರದೆಯ ಮೇಲೆ Manifested ಎಂದೋ, Pickup Pending ಎಂದೋ ಬರುತ್ತದೆ. ಅದರ ಅರ್ಥ ಇಷ್ಟೇ: "ಹೀಗೊಂದು ಪಾರ್ಸೆಲ್ ಬರಲಿದೆಯೆಂದು ನಮಗೆ ತಿಳಿಸಿದ್ದಾರೆ, ನಾವಿನ್ನೂ ಅದನ್ನು ನೋಡಿಲ್ಲ." ಬಟ್ಟೆ ಕಪಾಟಿನಲ್ಲಿರಬಹುದು, ಮಿಲ್‌ನಿಂದ ಇನ್ನೂ ಬಾರದೆಯೂ ಇರಬಹುದು. ಗಿರಾಕಿಗಳ ಒತ್ತಡ ತಾಳಲಾರದೆ ಮೊದಲು ಲೇಬಲ್ ಮುದ್ರಿಸಿ, ನಂಬರ್ ಕಳಿಸಿ, ಮಾಲು ಬಂದ ಮೇಲೆ ಅಂಟಿಸುವ ಸಪ್ಲಾಯರ್‌ಗಳಿದ್ದಾರೆ. ಹಬ್ಬದ ಕಾಲದಲ್ಲಂತೂ ಇದು ಹೆಚ್ಚು.

ಅಂಚೆಯ ಸ್ಪೀಡ್ ಪೋಸ್ಟ್ ಈ ವಿಷಯದಲ್ಲಿ ಸ್ವಲ್ಪ ಬೇರೆ. ಅದರ ನಂಬರ್ ಹದಿಮೂರು ಅಕ್ಷರ-ಅಂಕಿಗಳದ್ದು. E ಯಿಂದ ಆರಂಭವಾಗುವ ಎರಡು ಅಕ್ಷರ, ನಂತರ ಒಂಬತ್ತು ಅಂಕಿ, ಕೊನೆಗೆ IN. ಕೌಂಟರಿನಲ್ಲಿ ಪಾರ್ಸೆಲ್ ತೆಗೆದುಕೊಂಡು ಬುಕ್ ಮಾಡಿದ ಮೇಲೆಯೇ ಅಲ್ಲಿ Item Booked ಎಂದು, ಅಂಚೆ ಕಚೇರಿಯ ಹೆಸರಿನೊಂದಿಗೆ ಕಾಣಿಸುತ್ತದೆ. ಹಾಗಾಗಿ ಸ್ಪೀಡ್ ಪೋಸ್ಟ್ ನಂಬರ್ ಹಾಕಿದಾಗ ಒಂದು ದಿನ ಕಳೆದರೂ ಏನೂ ಕಾಣಿಸದಿದ್ದರೆ ಪಾರ್ಸೆಲ್ ಇನ್ನೂ ಕೌಂಟರಿಗೆ ಹೋಗಿಲ್ಲ ಎಂದೇ ಮೊದಲು ಅನುಮಾನಿಸಬೇಕು. ಇನ್ನು, "ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಹಾಕಿದ್ದೇನೆ, ಅದಕ್ಕೇ ತಡ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್‌ನಲ್ಲೇ ವಿಲೀನಗೊಳಿಸಲಾಗಿದೆ.

ಒಂದು ಪದ ಎಲ್ಲರನ್ನೂ ಗೊಂದಲಕ್ಕೆ ಕೆಡವುತ್ತದೆ: ಡಿಸ್ಪ್ಯಾಚ್. ಸಪ್ಲಾಯರ್‌ನ ಬಾಯಲ್ಲಿ ಡಿಸ್ಪ್ಯಾಚ್ ಎಂದರೆ ಕೆಲವೊಮ್ಮೆ ಪ್ಯಾಕ್ ಆಯಿತು ಎಂದಷ್ಟೇ. ಅಂಚೆಯ ಪುಟದಲ್ಲಿ Dispatched ಎಂದರೆ ಒಂದು ಕಚೇರಿಯಿಂದ ಮುಂದಿನ ಕಚೇರಿಗೆ ಚೀಲ ಹೊರಟಿತು ಎಂದರ್ಥ, ಅದು ದಾರಿಯಲ್ಲಿ ಹಲವು ಸಲ ಬರುತ್ತದೆ. ಕೆಲವು ಕೊರಿಯರ್‌ಗಳಲ್ಲಿಯೋ, ಅದೇ ಪದ ಡೆಲಿವರಿ ಹುಡುಗ ನಿಮ್ಮ ಮನೆಗೆ ಹೊರಟಿದ್ದಾನೆ ಎಂಬುದಕ್ಕೆ. ಒಂದೇ ಪದವನ್ನು ಸಪ್ಲಾಯರ್ ಒಂದು ಅರ್ಥದಲ್ಲಿ ಹೇಳುತ್ತಾನೆ, ನೀವು ಇನ್ನೊಂದು ಅರ್ಥದಲ್ಲಿ ದಾಟಿಸುತ್ತೀರಿ, ಗಿರಾಕಿ ಮೂರನೆಯ ಅರ್ಥದಲ್ಲಿ ಓದುತ್ತಾರೆ. ಆದ್ದರಿಂದ ಪದವನ್ನು ಬಿಡಿ, ಊರಿನ ಹೆಸರನ್ನು ಹುಡುಕಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಊರಿನ ಯಾವ ಕೇಂದ್ರದಲ್ಲಿ ಪಾರ್ಸೆಲ್ಲನ್ನು ಸ್ಕ್ಯಾನ್ ಮಾಡಿದರು ಎಂದು ಒಂದು ಸಾಲು ಬಂದಿದ್ದರೆ ಮಾತ್ರ ಅದು ನಿಜವಾಗಿ ಹೊರಟಿದೆ. ನೀವು ಗಿರಾಕಿಗೆ ಹೇಳುವ ದಿನಗಳ ಲೆಕ್ಕ ಆ ಸಾಲಿನಿಂದ ಶುರುವಾಗಬೇಕು, ನಂಬರ್ ಬಂದ ಸಂಜೆಯಿಂದಲ್ಲ.

ಆಪಾಗೆ ಇದು ಗೊತ್ತಿರಲಿಲ್ಲ. ಬುಧವಾರ, ಗುರುವಾರ, ಶುಕ್ರವಾರ, ಪರದೆಯ ಮೇಲೆ ಅದೇ ಒಂದು ಸಾಲು. ವಿಜಯಪುರದಿಂದ ದಿನಕ್ಕೆರಡು ಮೆಸೇಜ್. ಶುಕ್ರವಾರ ಬಂದದ್ದು ಹೀಗಿತ್ತು: "ಆಪಾ, ನೀವು ಮಂಗಳವಾರವೇ ಹೊರಟಿತು ಅಂದಿರಿ. ನಮ್ಮ ತಮ್ಮ ನೋಡಿ, ಇನ್ನೂ ಕೊರಿಯರ್‌ಗೇ ಕೊಟ್ಟಿಲ್ಲ ಅಂತಾನೆ. ಸುಳ್ಳು ಯಾಕೆ ಹೇಳಿದಿರಿ?"

ಸುಳ್ಳು ಎಂಬ ಮಾತು ಅವರಿಗೆ ನಾಟಿತು. ಅಂದು ಮಧ್ಯಾಹ್ನ ಸಪ್ಲಾಯರ್‌ಗೆ "ಕಬ್ ಆಯೇಗಾ ಭಾಯ್" ಎಂದು ಎಂದಿನಂತೆ ಕೇಳಲಿಲ್ಲ. ಅದಕ್ಕೆ "ಬಸ್, ಪಹುಂಚ್ ಜಾಯೇಗಾ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಬದಲಿಗೆ, "ಕೊರಿಯರ್‌ನವನು ಪಾರ್ಸೆಲ್ ತೆಗೆದುಕೊಂಡದ್ದಕ್ಕೆ ಸಹಿ ಮಾಡಿದ ಹಾಳೆಯ ಫೋಟೋ ಕಳಿಸಿ" ಎಂದರು. ಕೊರಿಯರ್‌ನವರು ದಿನದ ಪಾರ್ಸೆಲ್‌ಗಳನ್ನು ಒಯ್ಯುವಾಗ ಸಪ್ಲಾಯರ್‌ನ ಪಟ್ಟಿಯ ಮೇಲೆ ಸಹಿ ಹಾಕುವುದು ವಾಡಿಕೆ. ಕೊಟ್ಟವನಲ್ಲಿ ಅದು ಇರುತ್ತದೆ. ಇವನಲ್ಲಿರಲಿಲ್ಲ. ಒಂದು ಗಂಟೆಯ ನಂತರ ನಿಜ ಹೊರಬಂತು. ಚಿಕ್ಕವಳ ಅಳತೆ ಖಾಲಿಯಾಗಿತ್ತು, ಶನಿವಾರ ಬರುತ್ತದಂತೆ.

ಆಗ ಆಪಾ ಮಾಡಿದ್ದು ನನಗೆ ಬಹಳ ಹಿಡಿಸಿತು. ಕ್ಯಾಲೆಂಡರ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಶನಿವಾರ ಕೊಟ್ಟರೆ, ರಸ್ತೆ ಮಾರ್ಗದಲ್ಲಿ ಸೂರತ್‌ನಿಂದ ಬೆಂಗಳೂರಿನ ಕಡೆಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನ. ಬೆಂಗಳೂರಿನಿಂದ ತಾಲೂಕಿನ ಊರಿಗೆ ಇನ್ನೊಂದು ದಿನ ಸೇರಿಸಬೇಕು. ಅಂದರೆ ಗುರುವಾರ ಬಂದರೆ ಅದೃಷ್ಟ, ಶುಕ್ರವಾರ ಆಗಬಹುದು, ಈದ್ ಕಳೆದೂ ಬರಬಹುದು. ನಂತರ ಈ ಮೆಸೇಜ್ ಬರೆದರು:

"ಅಸ್ಸಲಾಮು ಅಲೈಕುಂ. ನಿಮ್ಮ ತಮ್ಮ ಹೇಳಿದ್ದು ಸರಿ. ನನಗೆ ಬಂದಿದ್ದು ಲೇಬಲ್ ನಂಬರ್ ಮಾತ್ರ, ನಾನು ನೋಡದೆ ಹೊರಟಿತು ಅಂದೆ, ತಪ್ಪು ನನ್ನದು. ಚಿಕ್ಕವಳ ಅಳತೆ ನಾಳೆ ಬರುತ್ತದೆ, ನಾಳೆಯೇ ಕೊರಿಯರ್‌ಗೆ ಕೊಡುತ್ತಾರೆ. ಗುರುವಾರ ಅಥವಾ ಶುಕ್ರವಾರ ಸಿಗಬಹುದು, ಸಿಗದೆಯೂ ಇರಬಹುದು. ಬೇಡವೆಂದರೆ ನಾಳೆ ಬೆಳಿಗ್ಗೆ 10 ಗಂಟೆಯೊಳಗೆ ಹೇಳಿ, 1700 ಪೂರ್ತಿ ವಾಪಸ್ ಹಾಕುತ್ತೇನೆ."

ಇದರಲ್ಲಿ ಕ್ಷಮೆಯ ಉದ್ದನೆಯ ಮಾತುಗಳಿಲ್ಲ, ಸಪ್ಲಾಯರ್‌ನನ್ನು ಬೈದದ್ದೂ ಇಲ್ಲ. ಪಾರ್ಸೆಲ್ ಈಗ ಎಲ್ಲಿದೆ, ಯಾವಾಗ ಬರಬಹುದು, ಬೇಡವೆಂದರೆ ಹಣ ಎಷ್ಟು ಹೊತ್ತಿನೊಳಗೆ ವಾಪಸ್, ಇಷ್ಟೇ. ಬೆಳಿಗ್ಗೆ 10 ಎಂಬ ಗಡುವು ಯಾಕೆಂದರೆ, ಪಾರ್ಸೆಲ್ ಕೊರಿಯರ್ ಕೈ ಸೇರುವ ಮೊದಲು ರದ್ದು ಮಾಡಿದರೆ ಸಪ್ಲಾಯರ್ ಬಳಿ 1400 ಪೂರ್ತಿ ಕೇಳಬಹುದು. ಸೇರಿದ ಮೇಲೆ ಹೋಗುವ ಮತ್ತು ಮರಳುವ ಖರ್ಚು ಎರಡನ್ನೂ ಅವನು ಮುರಿದುಕೊಳ್ಳುತ್ತಾನೆ. ಮಕ್ಕಳಿಗೆ ಆ ಬಣ್ಣವೇ ಬೇಕಂತೆ, ಕಾಯುತ್ತೇವೆ ಎಂದು ಉತ್ತರ ಬಂತು.

ಶನಿವಾರ ಸಂಜೆ ಸೂರತ್‌ನ ಹೆಸರಿರುವ ಮೊದಲ ಸಾಲು ಬಂತು. ಬುಧವಾರ ಹುಬ್ಬಳ್ಳಿ ಎಂದು ಕಾಣಿಸಿತು. ಕರ್ನಾಟಕದೊಳಗೆ ಬಂತಲ್ಲ ಎಂದು ಇಬ್ಬರಿಗೂ ಸಂತೋಷ. ಗುರುವಾರ ಬೆಳಿಗ್ಗೆ Out for Delivery, Vijayapura. ಆ ತಾಯಿ ಮನೆಯಿಂದ ಕದಲದೆ ಕಾದರು. ಬಾಗಿಲು ಯಾರೂ ತಟ್ಟಲಿಲ್ಲ. ಸಂಜೆ ಪರದೆಯ ಮೇಲೆ ಗಿರಾಕಿ ಸಂಪರ್ಕಕ್ಕೆ ಸಿಗಲಿಲ್ಲ ಎಂಬ ಅರ್ಥದ ಸಾಲು. "ನಾನು ಬೆಳಿಗ್ಗೆಯಿಂದ ಬಾಗಿಲಲ್ಲೇ ಕೂತಿದ್ದೇನೆ, ಫೋನೂ ಬಂದಿಲ್ಲ, ಯಾರು ಸುಳ್ಳು ಹೇಳುತ್ತಿದ್ದಾರೆ?" ಎಂದು ಮತ್ತೆ ಮೆಸೇಜ್.

ಫೋನ್ ಬಂದಿತ್ತು. ಆಪಾಗೆ. ಗಿರಾಕಿಯ ನಂಬರ್ ಕೊಟ್ಟರೆ ಸಪ್ಲಾಯರ್ ನೇರವಾಗಿ ಅವರಿಗೇ ಮಾರಿಬಿಟ್ಟಾನು ಎಂಬ ಭಯದಿಂದ ಲೇಬಲ್‌ಗೆ ಅವರು ಸದಾ ತಮ್ಮ ನಂಬರನ್ನೇ ಕೊಡುತ್ತಿದ್ದರು. ನಿಮ್ಮಲ್ಲೂ ಅನೇಕರು ಹೀಗೆ ಮಾಡುತ್ತೀರಿ. ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಎರಡು ಕರೆ ಬಂದಿದ್ದವು, ಅವರು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರಿಂದ ಫೋನ್ ಸೈಲೆಂಟ್‌ನಲ್ಲಿತ್ತು. ಸಂಜೆ ಆ ನಂಬರಿಗೆ ತಿರುಗಿ ಫೋನ್ ಮಾಡಿದಾಗ ಆ ಕಡೆಯ ಹುಡುಗ ಕೇಳಿದ:

"ಅಕ್ಕಾರ, ಈ ಓಣಿ ನಮ್ಮ ಕಡಿ ಯಾರಿಗೂ ಗೊತ್ತಿಲ್ರಿ. ಗೋಳಗುಮ್ಮಟದಿಂದ ಯಾವ ಕಡಿ ಬರ್ಬೇಕ್ರಿ?"

ದೇವನಹಳ್ಳಿಯ ವಿಜಯಪುರದಲ್ಲಿ ಗೋಳಗುಮ್ಮಟ ಎಲ್ಲಿಂದ ಬರಬೇಕು! ಪಾರ್ಸೆಲ್ ಹೋಗಿದ್ದು ಹಿಂದಿನ ಬಿಜಾಪುರಕ್ಕೆ, ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಆ ನಗರದ ಹೆಸರು 2014ರ ನವೆಂಬರ್‌ನಲ್ಲಿ ಅಧಿಕೃತವಾಗಿ ವಿಜಯಪುರ ಆದಂದಿನಿಂದ, ರೇಷ್ಮೆಗೂಡಿನ ಮಾರುಕಟ್ಟೆಯ ನಮ್ಮ ಈ ಚಿಕ್ಕ ವಿಜಯಪುರಕ್ಕೆ ಅದರ ನೆರಳು ಬಿದ್ದಿದೆ. ವಿಂಗಡಣೆ ನಡೆಯುವುದು ಊರಿನ ಹೆಸರಿನಿಂದಲ್ಲ, ಪಿನ್‌ಕೋಡ್‌ನಿಂದ. ಆರು ಅಂಕಿಗಳಲ್ಲಿ ಮೊದಲ ಮೂರು, ಪಾರ್ಸೆಲ್ ಯಾವ ವಿಂಗಡಣಾ ಜಿಲ್ಲೆಗೆ ಹೋಗಬೇಕೆಂದು ಹೇಳುತ್ತವೆ. ನಮ್ಮ ವಿಜಯಪುರ 562135, ಆ ವಿಜಯಪುರ 586101. ಗಿರಾಕಿ ಮನೆ, ಓಣಿ, "ವಿಜಯಪುರ, ಕರ್ನಾಟಕ" ಎಂದು ಬರೆದಿದ್ದರು, ಪಿನ್ ಬರೆದಿರಲಿಲ್ಲ. ಆಪಾ ಅದನ್ನು ಓದದೆ ಹಾಗೆಯೇ ದಾಟಿಸಿದರು. ಸೂರತ್‌ನ ಹುಡುಗ ಹುಡುಕಿ, ದೊಡ್ಡ ಊರನ್ನೇ ಆರಿಸಿದ. ನಾಲ್ಕು ದಿನದ ವಿಳಂಬ ಸಪ್ಲಾಯರ್‌ನದ್ದು. ಆದರೆ ಈದ್‌ಗೆ ಬಟ್ಟೆ ತಪ್ಪಿದ್ದು ಪಿನ್‌ಕೋಡ್‌ನಿಂದ, ಅದು ಆಪಾ ಕೈಯಲ್ಲೇ ಇದ್ದದ್ದು.

ಬುಧವಾರವೇ ಇದನ್ನು ಕಂಡುಹಿಡಿಯಬಹುದಿತ್ತು. ಬೆಂಗಳೂರಿಗೆ ಬರಬೇಕಾದ ಪಾರ್ಸೆಲ್‌ಗೆ ಹುಬ್ಬಳ್ಳಿ ದಾರಿಯಲ್ಲಿ ಸಿಕ್ಕರೂ ಸಿಗಬಹುದು, ಅದೊಂದರಿಂದ ಹೇಳಲಾಗದು. ಆದರೆ ಕೊರಿಯರ್ ಪುಟದಲ್ಲಿ ತಲುಪಬೇಕಾದ ಊರು ಅಥವಾ ಪಿನ್ ಬಹುತೇಕ ಬರೆದಿರುತ್ತದೆ, ಇಲ್ಲದಿದ್ದರೆ ಲೇಬಲ್‌ನಲ್ಲಿ ಇದ್ದೇ ಇರುತ್ತದೆ. ಸಪ್ಲಾಯರ್ ಮಂಗಳವಾರ ಕಳಿಸಿದ್ದು ಅರ್ಧ ಫೋಟೋ ಎಂದೆನಲ್ಲ, ಪಿನ್ ಇದ್ದದ್ದು ಇನ್ನರ್ಧದಲ್ಲಿ. ಪೂರ್ತಿ ಲೇಬಲ್‌ನ ಫೋಟೋ ಕೇಳಿ ಆರು ಅಂಕಿ ತಾಳೆ ನೋಡಿದ್ದರೆ, ಶನಿವಾರ ಪಾರ್ಸೆಲ್ ಹೊರಡುವ ಮುಂಚೆ ಹೊಸ ಲೇಬಲ್ ಅಂಟಿಸಬಹುದಿತ್ತು. ತಡವಾದ ಆ ನಾಲ್ಕು ದಿನಗಳು ಒಂದು ರೀತಿಯಲ್ಲಿ ಅವರಿಗೆ ಸಿಕ್ಕ ಅವಕಾಶವೇ ಆಗಿದ್ದವು.

ನಮ್ಮ ಜಿಲ್ಲೆಯಲ್ಲಿ ಇಂತಹ ಇನ್ನೊಂದು ಬಲೆಯಿದೆ. ಯಲಹಂಕದಲ್ಲಿರುವವರ ವಿಳಾಸದಲ್ಲಿ "ದೊಡ್ಡಬಳ್ಳಾಪುರ ರಸ್ತೆ" ಎಂದಿರುತ್ತದೆ, ಅವರ ಪಿನ್ 560064. ದೊಡ್ಡಬಳ್ಳಾಪುರ ಊರಿನದ್ದು 561203. ದೇವನಹಳ್ಳಿ 562110, ಹೊಸಕೋಟೆ 562114, ನೆಲಮಂಗಲ 562123. ಹಳ್ಳಿಗಳಿಗೆ ಬೇರೆ ಇರಬಹುದು, ಗಿರಾಕಿಯನ್ನೇ ಕೇಳಿ. ಅವರಿಗೂ ನೆನಪಿಲ್ಲದಿದ್ದರೆ ಆಧಾರ್ ಕಾರ್ಡಿನ ಹಿಂಬದಿ ನೋಡಿ ಹೇಳಲಿ. ಆದರೆ ಮದುವೆಯ ನಂತರ ವಿಳಾಸ ಬದಲಿಸದ ಕಾರ್ಡಾಗಿದ್ದರೆ ಅಲ್ಲಿರುವುದು ತವರಿನ ಪಿನ್, ಅದನ್ನೂ ಕೇಳಿಕೊಳ್ಳಿ.

ಮುಂದೇನಾಯಿತು? ಗುರುವಾರ ರಾತ್ರಿ ವಿಳಾಸ ಬದಲಿಸಲು ಆಗುತ್ತದೆಯೇ ಎಂದು ಆಪಾ ವಿಚಾರಿಸಿದರು. ಅದೇ ಊರಿನೊಳಗೆ ಓಣಿ ಬದಲಾದರೆ ಡೆಲಿವರಿಯವರು ಸಾಮಾನ್ಯವಾಗಿ ಒಪ್ಪುತ್ತಾರೆ. ಪಿನ್ ಬೇರೆಯಾದರೆ ಕಳಿಸಿದವನೇ ಕೊರಿಯರ್‌ಗೆ ಹೇಳಬೇಕು, ಹೆಚ್ಚಿನ ಸಲ ಅದೂ ಆಗದೆ ಪಾರ್ಸೆಲ್ ಸೂರತ್‌ಗೇ ಮರಳುತ್ತದೆ. RTO ಎಂದು ಪರದೆಯಲ್ಲಿ ಬಂದರೆ ಅದು ಮರಳುವ ದಾರಿಯಲ್ಲಿದೆ ಎಂದರ್ಥ, ಆಮೇಲೆ ಯಾರನ್ನು ಬೇಡಿದರೂ ಪ್ರಯೋಜನ ಕಡಿಮೆ. ಇಲ್ಲೂ ಹಾಗೆಯೇ ಆಯಿತು. ರಾತ್ರಿ ಒಂಬತ್ತಕ್ಕೆ ಆಪಾ ಮನೆಖರ್ಚಿನ ಹಣದಿಂದ 1700 ವಾಪಸ್ ಹಾಕಿ ಫೋನ್ ಮಾಡಿದರು, "ನಾಳೆ ಒಂದು ದಿನ ಇದೆ, ಅಂಗಡಿಯಲ್ಲಿ ತೆಗೆದುಕೊಳ್ಳಿ, ಪಿನ್‌ಕೋಡ್ ನಾನು ಕೇಳಬೇಕಿತ್ತು" ಎಂದರು. ಆ ಕಡೆಯವರು ಹೆಚ್ಚು ಮಾತಾಡದೆ ಫೋನ್ ಇಟ್ಟರಂತೆ.

ಸಪ್ಲಾಯರ್‌ನಿಂದ ಹಣ ಬರುವವರೆಗೆ ಕಾದು ಆಮೇಲೆ ವಾಪಸ್ ಕೊಡಬಹುದಿತ್ತಲ್ಲ ಎಂದು ನಿಮಗನ್ನಿಸಬಹುದು. ಗಿರಾಕಿ ಹಣ ಕೊಟ್ಟದ್ದು ಸೂರತ್‌ನವನಿಗಲ್ಲ, ಆಪಾಗೆ. ಸೂರತ್‌ನವನ ಹೆಸರೂ ಅವರಿಗೆ ಗೊತ್ತಿಲ್ಲ. ಈ ವ್ಯಾಪಾರದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ತನ್ನ ಬಳಿಯಿಲ್ಲದ ವಸ್ತುವನ್ನು ಗಿರಾಕಿ ಕೇಳಿದಾಗ ಮೊದಲು ಮಾರಿ, ಆಮೇಲೆ ಮಾರುಕಟ್ಟೆಯಿಂದ ತಂದುಕೊಡಬಹುದೇ ಎಂದು ಹಕೀಂ ಬಿನ್ ಹಿಝಾಂ(ರ)ರು ಪ್ರವಾದಿ(ಸ)ರಲ್ಲಿ ಕೇಳಿದ್ದು, ತನ್ನಲ್ಲಿಲ್ಲದ್ದನ್ನು ಮಾರಬೇಡ ಎಂದು ಅವರು ತಡೆದದ್ದು ನಿಮಗೆ ತಿಳಿದಿರಬಹುದು. ಇಂದಿನ ವಿದ್ವಾಂಸರು ಇದಕ್ಕೆ ಹೇಳುವ ದಾರಿಗಳಲ್ಲಿ ಒಂದು, ಮಾರಾಟಗಾರಳಾಗಿ ಅಲ್ಲದೆ ಸಪ್ಲಾಯರ್‌ನ ಅಥವಾ ಗಿರಾಕಿಯ ಏಜೆಂಟಳಾಗಿ, ಒಪ್ಪಿತ ಕಮಿಷನ್‌ಗೆ ಕೆಲಸ ಮಾಡುವುದು. ವಿವರಗಳನ್ನು ನಿಮ್ಮೂರಿನ ಆಲಿಮರಲ್ಲಿ ಕೇಳಿಕೊಳ್ಳಿ. ನಾನು ಹೇಳುವುದು ಅದರ ವ್ಯಾವಹಾರಿಕ ಮುಖವನ್ನು. "ಮಾಲು ನನ್ನ ಬಳಿ ಇಲ್ಲ, ಸೂರತ್‌ನಿಂದ ಬರುತ್ತದೆ, ಅವರು ಕೊರಿಯರ್‌ಗೆ ಕೊಟ್ಟ ಮೇಲೆ ಆರೇಳು ದಿನ" ಎಂದು ಹಣ ತೆಗೆದುಕೊಳ್ಳುವ ಮೊದಲೇ ಹೇಳಿದ ಮನೆಗಳಲ್ಲಿ ಜಗಳ ಕಡಿಮೆ. ಮಾಲು ತಮ್ಮ ಕಪಾಟಿನಲ್ಲೇ ಇರುವಂತೆ ಮಾತಾಡಿದವರಿಗೇ ಎರಡನೇ ದಿನದಿಂದ ಫೋನ್.

ಹದಿನೈದು ದಿನಗಳ ನಂತರ ಸಪ್ಲಾಯರ್‌ನಿಂದ 1160 ಬಂತು. ಹೋಗಿದ್ದಕ್ಕೆ 120, ಮರಳಿದ್ದಕ್ಕೆ 120 ಮುರಿದುಕೊಂಡಿದ್ದ. ಪಿನ್ ನೀವೇ ಕೊಟ್ಟಿರಲಿಲ್ಲ ಎಂದ. ಆಪಾ ವಾದಿಸಲಿಲ್ಲ. 240 ರೂಪಾಯಿ ಕೈಬಿಟ್ಟಿತು, ಅಂದರೆ ಇಂತಹುದೇ ಇನ್ನೊಂದು ಆರ್ಡರಿನ ಲಾಭದ ಬಹುಪಾಲು.

ಈಗ ಅವರು ಮೂರು ವಿಷಯ ಬದಲಿಸಿದ್ದಾರೆ. ವಿಳಾಸದಲ್ಲಿ ಪಿನ್ ಮತ್ತು ತಾಲೂಕಿನ ಹೆಸರು ಇಲ್ಲದಿದ್ದರೆ ಸಪ್ಲಾಯರ್‌ಗೆ ಹಣ ಹಾಕುವುದಿಲ್ಲ. ಲೇಬಲ್ ಮೇಲೆ ಕಳಿಸುವವರ ಜಾಗದಲ್ಲಿ ತಮ್ಮ ಹೆಸರು, ಡೆಲಿವರಿಗೆ ಗಿರಾಕಿಯದೇ ಫೋನ್ ನಂಬರ್. ಗಿರಾಕಿಯನ್ನು ಸಪ್ಲಾಯರ್ ಕದ್ದರೆ ಎಂದು ಕೇಳಿದೆ. "ಕದಿಯಲಿ ಬಿಡಿ. ಅಳತೆ ಸರಿಯಿಲ್ಲ ಅಂತ ಅವನಿಗೆ ಫೋನ್ ಮಾಡಿ ನೋಡಲಿ, ಮರುದಿನವೇ ನನ್ನ ಹತ್ತಿರ ಬರುತ್ತಾರೆ" ಎಂದರು. ಹೌದು, ಹಿಂದಿಯೇ ಬಾರದ ಗಿರಾಕಿ ಸೂರತ್‌ನವನ ಜೊತೆ ಎಷ್ಟು ಹೊತ್ತು ಮಾತಾಡಿಯಾರು?

ಮೂರನೆಯದು ನಂಬರಿನದ್ದು. ಸಪ್ಲಾಯರ್ ಈಗಲೂ ಮರುದಿನ ಸಂಜೆಯೇ ನಂಬರ್ ಕಳಿಸುತ್ತಾನೆ. ಆಪಾ ಅದನ್ನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದು, ಎದುರಿಗೆ ಒಂದು ಖಾಲಿ ಜಾಗ ಬಿಡುತ್ತಾರೆ. ಊರಿನ ಹೆಸರಿರುವ ಮೊದಲ ಸಾಲು ಪರದೆಯ ಮೇಲೆ ಬಂದ ದಿನ ಆ ಜಾಗದಲ್ಲಿ ತಾರೀಖು ಬರೆಯುತ್ತಾರೆ, ಆಮೇಲೆಯೇ ನಂಬರ್ ಗಿರಾಕಿಗೆ. ಎರಡು ದಿನವಾದರೂ ಜಾಗ ಖಾಲಿ ಇದ್ದರೆ ಸಹಿಯ ಹಾಳೆ ಕೇಳುತ್ತಾರೆ. ಅದೂ ಬರದಿದ್ದರೆ ಆರ್ಡರ್ ರದ್ದು.

ವಿಜಯಪುರದವರು ಎರಡು ತಿಂಗಳು ಸುಮ್ಮನಿದ್ದರು. ಮೊನ್ನೆ ಒಂದು ಬೆಡ್‌ಶೀಟಿನ ಫೋಟೋ ಕೆಳಗೆ ಅವರ ಮೆಸೇಜ್ ಬಂತಂತೆ: "ಆಪಾ, ಇದು ಇದೆಯಾ? 562135."